ಒಂಬತ್ತು ತಿಂಗಳೇ ಏಕೆ?
ಲಸಿಕೆಗೂ ವಯಸ್ಸಿಗೂ ಇರುವ ಲೆಕ್ಕ

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಜೂನ್ ತಿಂಗಳ 10ನೆಯ ತಾರೀಖು ಒಂದು ಮಗು ಹುಟ್ಟಿತೆಂದು ಇಟ್ಟುಕೊಳ್ಳೋಣ. ಸರ್ಕಾರದ ಲಸಿಕಾ ಪಟ್ಟಿಯ ಪ್ರಕಾರ ಹುಟ್ಟಿದೊಡನೆಯೇ ಅದಕ್ಕೆ ಕ್ಷಯ, ಪೋಲಿಯೋ, ಹೆಪಟೈಟಿಸ್-ಬಿ ಎಂಬ ಮೂರು ರೋಗಗಳ ಲಸಿಕೆ ದೊರೆಯಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕು ವಾರಗಳು ತುಂಬಿದಾಗ, ಎಂದರೆ ಜುಲೈ 22, ಆಗಸ್ಟ್ 19, ಸೆಪ್ಟೆಂಬರ್ 16ರ ಹೊತ್ತಿಗೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದವುಗಳ ಲಸಿಕೆ. ಅಲ್ಲಿಂದ ಮುಂದೆ ಸುಮಾರು ಆರು ತಿಂಗಳ ಕಾಲ ಪಟ್ಟಿ ಮೌನವಾಗಿರುತ್ತದೆ. ಮಾರ್ಚ್ 10ಕ್ಕೆ ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಮಾತ್ರ ದಡಾರದ ಲಸಿಕೆಯ ಸರದಿ.

ದಡಾರವೇನೂ ಕಾಯುವ ರೋಗವಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗಗಳಲ್ಲಿ ಅದರಷ್ಟು ಬೇಗ ಅಂಟುವಂಥವು ಬಹಳ ಕಡಮೆ. ರೋಗನಿರೋಧಕ ಶಕ್ತಿಯೇ ಇಲ್ಲದ ಜನರ ನಡುವೆ ಒಬ್ಬ ರೋಗಿಯು ಹನ್ನೆರಡರಿಂದ ಹದಿನೆಂಟು ಮಂದಿಗೆ ಅದನ್ನು ಅಂಟಿಸಬಲ್ಲನೆಂದು ಲೆಕ್ಕ ಹಾಕಿದ್ದಾರೆ. ಅಪೌಷ್ಟಿಕತೆಯಿಂದ ಸೊರಗಿದ ಶಿಶುಗಳಿಗೆ ಅದು ಪ್ರಾಣಾಂತಿಕವಾಗಬಹುದು. ಹಾಗಿದ್ದ ಮೇಲೆ ಮಗು ಆರನೆಯ ವಾರದಲ್ಲಿ ಬಂದಾಗಲೇ ಉಳಿದವುಗಳ ಜೊತೆ ದಡಾರದ ಲಸಿಕೆಯನ್ನೂ ಏಕೆ ಹಾಕಬಾರದು? ಈ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಹಿಡಿದುಕೊಂಡು ಹೋದರೆ ಹುಟ್ಟಿನಿಂದ ಮುಪ್ಪಿನವರೆಗಿನ ಲಸಿಕೆಗಳ ಕಾಲನಿಯಮವು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ತಾಯಿ ಕೊಟ್ಟ ಬುತ್ತಿ

ಒಂದು ರೋಗಾಣು ದೇಹವನ್ನು ಹೊಕ್ಕಾಗ ಅದನ್ನು ಗುರುತಿಸಿ ಅಂಟಿಕೊಂಡು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳನ್ನು ದೇಹವು ತಯಾರಿಸುತ್ತದೆ. ಇವಕ್ಕೆ ಪ್ರತಿಕಾಯಗಳೆಂದು ಹೆಸರು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳ ಒಂದು ಮುಖ್ಯ ವರ್ಗವು ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಸಾಗುತ್ತದೆ. ತಾಯಿಗೆ ಹಿಂದೆ ದಡಾರ ಬಂದು ಹೋಗಿದ್ದರೆ, ಅಥವಾ ಲಸಿಕೆ ಆಗಿದ್ದರೆ, ದಡಾರದ ಪ್ರತಿಕಾಯಗಳೂ ಮಗುವಿಗೆ ಬುತ್ತಿಯಾಗಿ ಬರುತ್ತವೆ. ತಿಂಗಳು ತುಂಬುವ ಮುನ್ನವೇ ಹುಟ್ಟಿದ ಮಗುವಿಗೆ ಈ ಬುತ್ತಿ ಕಡಮೆ.

ಆದರೆ ಇದು ಕರಗುವ ಬುತ್ತಿ. ಮಗುವಿನ ದೇಹವು ಇವನ್ನು ಹೊಸದಾಗಿ ಮಾಡಲಾರದು. ಇದ್ದುದು ಕ್ರಮೇಣ ಸವೆಯುತ್ತದೆ. ಭೌತವಿಜ್ಞಾನದ ತರಗತಿಯಲ್ಲಿ ವಿಕಿರಣಶೀಲ ವಸ್ತುಗಳ ವಿಷಯ ಬಂದಾಗ ನಾವು ‘ಅರ್ಧಾಯುಷ್ಯ’ ಎಂಬ ಮಾತನ್ನು ಬಳಸುತ್ತೇವೆ. ವಸ್ತುವಿನ ಪ್ರಮಾಣವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲವೇ ಅದು. ತಾಯಿಯಿಂದ ಬಂದ ಪ್ರತಿಕಾಯಗಳೂ ಸರಿಸುಮಾರು ಇದೇ ನಿಯಮಕ್ಕೆ ಒಳಪಟ್ಟಿವೆ. ಅವುಗಳ ಅರ್ಧಾಯುಷ್ಯವನ್ನು ಸ್ಥೂಲವಾಗಿ ಒಂದು ತಿಂಗಳು ಎಂದು ಇಟ್ಟುಕೊಳ್ಳಬಹುದು.

ಈಗ ಒಂದು ಲೆಕ್ಕ ಮಾಡೋಣ. ನಮ್ಮ ಚೋರನೂರಿನ ಮಗು ಹುಟ್ಟಿದಾಗ ಅದರ ರಕ್ತದಲ್ಲಿ ದಡಾರದ ಪ್ರತಿಕಾಯಗಳು 640 ಮಾನಗಳಷ್ಟು ಇದ್ದುವೆನ್ನೋಣ. ಇದು ಲೆಕ್ಕದ ಸೌಕರ್ಯಕ್ಕಾಗಿ ನಾವು ಆರಿಸಿಕೊಂಡ ಸಂಖ್ಯೆ. ಒಂದು ತಿಂಗಳಿಗೆ 320, ಎರಡಕ್ಕೆ 160, ಮೂರಕ್ಕೆ 80, ನಾಲ್ಕಕ್ಕೆ 40, ಐದಕ್ಕೆ 20, ಆರಕ್ಕೆ 10, ಏಳಕ್ಕೆ 5 ಹೀಗೆ ಅದು ಇಳಿಯುತ್ತದೆ. ರೋಗವನ್ನು ತಡೆಯಲು ಕನಿಷ್ಠ 40 ಮಾನ ಬೇಕೆಂದು ಭಾವಿಸಿದರೆ, ನಾಲ್ಕು ತಿಂಗಳವರೆಗೆ ಮಗುವಿಗೆ ತಾಯಿಯ ರಕ್ಷೆ ಇದೆ, ಅನಂತರ ಇಲ್ಲ.

ಹಾಗಾದರೆ ನಾಲ್ಕು ತಿಂಗಳಿಗೇ ಲಸಿಕೆ ಹಾಕಬಾರದೇಕೆ? ತೊಡಕು ಇಲ್ಲಿಯೇ ಇರುವುದು. ದಡಾರದ ಲಸಿಕೆಯು ಸತ್ತ ರೋಗಾಣುವಲ್ಲ. ಬಲಗುಂದಿಸಿದ, ಆದರೆ ಜೀವಂತವಾಗಿರುವ ವೈರಸ್ಸು. ಚುಚ್ಚಿದ ಅಲ್ಪ ಪ್ರಮಾಣವು ದೇಹದೊಳಗೆ ಕೆಲವು ದಿನ ವೃದ್ಧಿಯಾದರೆ ಮಾತ್ರ ದೇಹವು ಅದನ್ನು ಗಮನಿಸಿ ಪಾಠ ಕಲಿಯುತ್ತದೆ. ಈ ಲಸಿಕೆಯಿಂದ ಕೆಲವು ಮಕ್ಕಳಿಗೆ ಬರುವ ಜ್ವರವು ಅಂದೇ ಬಾರದೆ ಐದರಿಂದ ಹನ್ನೆರಡು ದಿನಗಳ ಅನಂತರ ಬರುವುದೂ ಇದೇ ಕಾರಣದಿಂದ. ನಾಯಿಕೆಮ್ಮಿನ ಲಸಿಕೆಯ ಜ್ವರವಾದರೋ ಒಂದೆರಡು ದಿನಗಳೊಳಗೇ ಬಂದು ಹೋಗುತ್ತದೆ, ಏಕೆಂದರೆ ಅಲ್ಲಿ ಬೆಳೆಯುವಂಥದು ಏನೂ ಇಲ್ಲ. ತಾಯಿಯ ಪ್ರತಿಕಾಯಗಳಿಗೆ ನಿಜವಾದ ರೋಗಾಣು ಯಾವುದು, ಲಸಿಕೆಯ ಬಲಹೀನ ವೈರಸ್ಸು ಯಾವುದು ಎಂಬ ಭೇದ ಗೊತ್ತಿಲ್ಲ. ಕಾಡಿನ ವೈರಸ್ಸಿನ ದೊಡ್ಡ ದಾಳಿಯನ್ನು ತಡೆಯಲಾರದಷ್ಟು ಕ್ಷೀಣಿಸಿದ ಪ್ರತಿಕಾಯಗಳೂ ಲಸಿಕೆಯ ಈ ದುರ್ಬಲ ವೈರಸ್ಸನ್ನು ಬೆಳೆಯುವ ಮುನ್ನವೇ ಮುಗಿಸಿಬಿಡಬಲ್ಲವು. ನಮ್ಮ ಉದಾಹರಣೆಯಲ್ಲಿ ಅದಕ್ಕೆ 5 ಮಾನ ಸಾಕೆಂದು ಇಟ್ಟುಕೊಂಡರೆ, ಏಳು ತಿಂಗಳವರೆಗೂ ಲಸಿಕೆ ವ್ಯರ್ಥ. ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗೆ ಮಗುವಿಗೆ ರಕ್ಷೆಯೂ ಇಲ್ಲ, ಲಸಿಕೆಯೂ ಹತ್ತದು.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಪಡುತ್ತದೆ. ಪಕ್ಕದ ಮನೆಯ ಮಗುವಿಗೆ ತಾಯಿಯಿಂದ 1,280 ಮಾನಗಳು ಬಂದಿದ್ದರೆ ಅದಕ್ಕೆ ಎರಡರಷ್ಟು ಕಾಲ ರಕ್ಷೆ ದೊರೆಯುವುದೆಂದು ನಾವು ಊಹಿಸಬಹುದು. ಆದರೆ ವಾಸ್ತವವಾಗಿ ದೊರೆಯುವುದು ಒಂದೇ ಒಂದು ತಿಂಗಳು ಹೆಚ್ಚು. ಬುತ್ತಿ ಎರಡರಷ್ಟಾದರೆ ಅರ್ಧಾಯುಷ್ಯ ಒಂದು ಕೂಡುತ್ತದೆ, ಅಷ್ಟೆ. ತಾಯಂದಿರ ಪ್ರತಿಕಾಯಗಳ ಪ್ರಮಾಣದಲ್ಲಿ ಎಷ್ಟೋ ಪಟ್ಟು ವ್ಯತ್ಯಾಸವಿದ್ದರೂ, ಎಲ್ಲ ಮಕ್ಕಳಿಗೂ ಹೊಂದುವ ಒಂದೇ ತಿಂಗಳನ್ನು ಪಟ್ಟಿಯಲ್ಲಿ ಬರೆಯುವುದು ಸಾಧ್ಯವಾಗಿರುವುದು ಈ ಗುಣದಿಂದಲೇ.

ಕಾಯುವುದಕ್ಕೂ ಬೆಲೆಯುಂಟು

ಅನುಭವವು ತೋರಿಸಿರುವಂತೆ ಒಂಬತ್ತು ತಿಂಗಳಲ್ಲಿ ಲಸಿಕೆ ಪಡೆದ ನೂರು ಮಕ್ಕಳಲ್ಲಿ ಸುಮಾರು 85 ಮಂದಿಗೆ ಅದು ಹತ್ತುತ್ತದೆ. ಹನ್ನೆರಡು ತಿಂಗಳವರೆಗೆ ಕಾದರೆ ಸುಮಾರು 95 ಮಂದಿಗೆ. ಹಾಗಿದ್ದರೆ ಹನ್ನೆರಡು ತಿಂಗಳೇ ಮೇಲಲ್ಲವೆ? ದಡಾರ ಅಪರೂಪವಾಗಿರುವ ಅಮೆರಿಕದಂಥ ದೇಶಗಳಲ್ಲಿ ಹಾಗೆಯೇ ಮಾಡುತ್ತಾರೆ; ಅಲ್ಲಿ ಮೊದಲ ಲಸಿಕೆ ಹನ್ನೆರಡರಿಂದ ಹದಿನೈದನೆಯ ತಿಂಗಳಿನಲ್ಲಿ. ರೋಗವೇ ಸುಳಿಯದಿರುವಾಗ ಮೂರು ತಿಂಗಳು ಕಾಯುವುದರಿಂದ ನಷ್ಟವಿಲ್ಲ. ನಮ್ಮ ದೇಶದಲ್ಲಾದರೋ ದಡಾರವು ಚಳಿಗಾಲದ ಕೊನೆಗೂ ಬೇಸಗೆಯ ಮೊದಲಿಗೂ ಹೆಚ್ಚಾಗಿ ಹಬ್ಬುವ ರೋಗ. ಜೂನಿನಲ್ಲಿ ಹುಟ್ಟಿದ ನಮ್ಮ ಮಗುವಿಗೆ ಒಂಬತ್ತು ತಿಂಗಳು ತುಂಬುವುದು ಮಾರ್ಚಿನಲ್ಲಿ. ಇನ್ನೂ ಮೂರು ತಿಂಗಳು ಕಾಯಿರಿ ಎಂದರೆ, ರಕ್ಷೆಯಿಲ್ಲದ ಶಿಶುವನ್ನು ರೋಗದ ಋತುವಿಗೇ ಒಡ್ಡಿದಂತಾಗುತ್ತದೆ. ಹತ್ತು ಮಕ್ಕಳಿಗೆ ಲಸಿಕೆ ಹೆಚ್ಚಾಗಿ ಹತ್ತಲೆಂದು ನೂರು ಮಕ್ಕಳನ್ನೂ ಮೂರು ತಿಂಗಳು ಅಪಾಯದಲ್ಲಿ ಇರಿಸಬೇಕಾಗುತ್ತದೆ. ಒಂಬತ್ತು ತಿಂಗಳೆಂಬುದು ಈ ಎರಡು ನಷ್ಟಗಳನ್ನು ತೂಗಿ ನೋಡಿ ಆರಿಸಿಕೊಂಡ ನಡುದಾರಿ. ಎಲ್ಲಿಯಾದರೂ ದಡಾರವು ಭುಗಿಲೆದ್ದಾಗ ಆರು ತಿಂಗಳ ಶಿಶುಗಳಿಗೂ ಲಸಿಕೆ ಹಾಕುವುದುಂಟು. ಆದರೆ ಆ ಲಸಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತು ತಿಂಗಳಿನ ಲಸಿಕೆಯನ್ನು ಮತ್ತೆ ಹಾಕಿಸಲೇಬೇಕು.

ಹತ್ತದೆ ಉಳಿದ ಆ ಹದಿನೈದು ಮಕ್ಕಳ ಗತಿಯೇನು? ಅವರು ಯಾರೆಂದು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಆದುದರಿಂದ 16ರಿಂದ 24 ತಿಂಗಳೊಳಗೆ ಎಲ್ಲರಿಗೂ ಎರಡನೆಯ ಬಾರಿ ಲಸಿಕೆ ಹಾಕುತ್ತಾರೆ. ಆ ವೇಳೆಗೆ ತಾಯಿಯ ಪ್ರತಿಕಾಯಗಳು ಪೂರ್ತಿಯಾಗಿ ಹೋಗಿರುತ್ತವೆ. ಹದಿನೈದರಲ್ಲಿ ಸುಮಾರು ಹದಿನಾಲ್ಕು ಮಂದಿಗೆ ಈಗ ಲಸಿಕೆ ಹತ್ತುತ್ತದೆ. ನೂರರಲ್ಲಿ ಉಳಿಯುವವನು ಒಬ್ಬ. ಸುತ್ತಲಿನ ತೊಂಬತ್ತೊಂಬತ್ತು ಮಂದಿಯೇ ಅವನಿಗೆ ಬೇಲಿ. ದಡಾರದ ಎರಡನೆಯ ಲಸಿಕೆಯು ಮೊದಲನೆಯದಕ್ಕೆ ಬಲ ಕೊಡುವ ಒತ್ತಾಸೆಯೆಂದು ಹಲವರು ತಿಳಿಯುತ್ತಾರೆ. ಮುಖ್ಯವಾಗಿ ಅದು ಹಾಗಲ್ಲ. ಮೊದಲ ಬಾರಿ ತಪ್ಪಿಹೋದವರಿಗೆ ಕೊಡುವ ಎರಡನೆಯ ಅವಕಾಶ. ಮೊದಲ ಲಸಿಕೆಯೊಂದನ್ನೇ ಹಾಕಿಸಿ ಸುಮ್ಮನಾದ ಮನೆಯವರು “ಲಸಿಕೆ ಹಾಕಿಸಿದರೂ ದಡಾರ ಬಂತು” ಎಂದು ದೂರುವುದುಂಟು. ಅಂಥ ದೂರಿನಲ್ಲಿ ಆಶ್ಚರ್ಯವೇನೂ ಇಲ್ಲ. ನೂರಕ್ಕೆ ಹದಿನೈದು ಮಕ್ಕಳ ಮಟ್ಟಿಗೆ ಅದು ಮೊದಲೇ ನಿರೀಕ್ಷಿಸಿದ ಸಂಗತಿ.

ಭಾರತದ ಪಟ್ಟಿಗೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ; ಎರಡನೆಯದು ಸೇರಲು 2010ರವರೆಗೆ ಕಾಯಬೇಕಾಯಿತು. ನಡುವಣ ವರ್ಷಗಳಲ್ಲಿ ತಪ್ಪಿಹೋದ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕೂಡುತ್ತ ಬಂದಿತ್ತು. ಆದುದರಿಂದಲೇ 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಆರಂಭವಾದ ದಡಾರ-ರುಬೆಲ್ಲಾ ಆಂದೋಲನದಲ್ಲಿ, ಹಿಂದೆ ಲಸಿಕೆ ಆಗಿದ್ದರೂ ಆಗದಿದ್ದರೂ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಮ್ಮೆ ಚುಚ್ಚುಮದ್ದು ಕೊಟ್ಟರು.

ಆರನೆಯ ವಾರದ ಅವಸರ

ನಾಯಿಕೆಮ್ಮಿನ ಲಸಿಕೆಗೆ ಈ ಕಾಯುವಿಕೆ ಏಕಿಲ್ಲ? ಅದರಲ್ಲಿ ಬೆಳೆಯಬೇಕಾದ ಜೀವಂತ ರೋಗಾಣು ಇಲ್ಲದಿರುವುದರಿಂದ ತಾಯಿಯ ಪ್ರತಿಕಾಯಗಳ ಅಡ್ಡಿ ಅಷ್ಟು ಪೂರ್ಣವಾದುದಲ್ಲ. ಅಲ್ಲದೆ ಇಲ್ಲಿ ಕಾಯುವಂತೆಯೂ ಇಲ್ಲ; ನಾಯಿಕೆಮ್ಮು ಹೆಚ್ಚಾಗಿ ಕೊಲ್ಲುವುದು ಮೊದಲ ಕೆಲವು ತಿಂಗಳ ಶಿಶುಗಳನ್ನೇ.

ಆದರೆ ಆರು ವಾರದ ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಎಳೆಯದು. ಒಂದು ಚುಚ್ಚುಮದ್ದಿಗೆ ಅದು ಕೊಡುವ ಉತ್ತರ ಕ್ಷೀಣವಾದುದು, ಬೇಗ ಮಾಸುವಂಥದು. ಆದುದರಿಂದ ಮೂರು ಬಾರಿ. ಎರಡು ಚುಚ್ಚುಮದ್ದುಗಳ ನಡುವೆ ಕನಿಷ್ಠ ನಾಲ್ಕು ವಾರಗಳ ಅಂತರವೂ ಬೇಕು. ಲಸಿಕೆ ಬಿದ್ದ ಮೇಲೆ ದುಗ್ಧಗ್ರಂಥಿಗಳಲ್ಲಿ ಕೆಲವು ಬಿಳಿಯ ಕಣಗಳು ವೃದ್ಧಿಯಾಗುತ್ತವೆ. ಅವುಗಳಲ್ಲಿ ರೋಗಾಣುವಿಗೆ ಚೆನ್ನಾಗಿ ಅಂಟುವ ಪ್ರತಿಕಾಯಗಳನ್ನು ಮಾಡಬಲ್ಲವು ಉಳಿದು, ಉಳಿದವು ನಶಿಸುತ್ತವೆ. ಈ ಆಯ್ಕೆ ನಡೆಯಲು ವಾರಗಳೇ ಹಿಡಿಯುತ್ತವೆ. ಆಯ್ಕೆ ಮುಗಿಯುವ ಮುನ್ನವೇ ಮುಂದಿನ ಚುಚ್ಚುಮದ್ದು ಕೊಟ್ಟರೆ, ಒಲೆಯ ಮೇಲಿಟ್ಟ ಅನ್ನ ಬೇಯುವ ಮೊದಲೇ ಇಳಿಸಿದಂತೆ. ತಡವಾದರೆ ಮಾತ್ರ ಅಷ್ಟು ಕೇಡಿಲ್ಲ. ಆಯ್ಕೆಯಾದ ಕಣಗಳ ನೆನಪು ಉಳಿದೇ ಇರುತ್ತದೆ. ನಮ್ಮ ಮಗುವಿನ ಮನೆಯವರು ಕೂಲಿಗಾಗಿ ಬೇರೆ ಊರಿಗೆ ಹೋಗಿ ಆಗಸ್ಟ್ 19ರ ಬದಲು ಅಕ್ಟೋಬರಿನಲ್ಲಿ ಹಿಂತಿರುಗಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ; ನಿಂತಲ್ಲಿಂದಲೇ ಮುಂದುವರಿಸಬಹುದು. ತಡಮಾಡಿದ ಅಷ್ಟು ದಿನ ಮಗು ಅರೆರಕ್ಷೆಯಲ್ಲಿ ಇತ್ತೆಂಬುದೇ ನಷ್ಟ. ಈ ನೆನಪೂ ವರ್ಷಗಳಲ್ಲಿ ಮಂಕಾಗುವುದರಿಂದ 16ರಿಂದ 24ನೆಯ ತಿಂಗಳಿನಲ್ಲೊಮ್ಮೆ, ಐದರಿಂದ ಆರನೆಯ ವರ್ಷದಲ್ಲೊಮ್ಮೆ ಒತ್ತಾಸೆಯ ಲಸಿಕೆ. ಹತ್ತು ಮತ್ತು ಹದಿನಾರನೆಯ ವರ್ಷಗಳಲ್ಲಿ ಧನುರ್ವಾಯು ಮತ್ತು ಗಂಟಲಮಾರಿಗಳಿಗಾಗಿ ಮತ್ತೆ.

ಹೆಪಟೈಟಿಸ್-ಬಿ ಲಸಿಕೆಯ ಅವಸರ ಇದಕ್ಕಿಂತಲೂ ಹೆಚ್ಚು. ಅದರ ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಗಳೊಳಗೆ ಆಗಬೇಕು. ತಾಯಿಗೆ ಆ ಸೋಂಕಿದ್ದರೆ ಅದು ಹೆರಿಗೆಯ ವೇಳೆಯಲ್ಲಿಯೇ ಮಗುವಿಗೆ ದಾಟಬಹುದು. ದೊಡ್ಡವರಿಗೆ ಈ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಅದನ್ನು ಹೊರದೂಡಿಬಿಡುತ್ತಾರೆ. ನವಜಾತ ಶಿಶುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯಲ್ಲಿ ಅದು ಬೇರೂರಿ ಮುಂದೆ ಯಕೃತ್ತನ್ನು ಕೆಡಿಸುತ್ತದೆ. ರೋಗಾಣು ಒಂದೇ, ವಯಸ್ಸು ಬದಲಾದರೆ ಫಲ ತಲೆಕೆಳಗಾಗುತ್ತದೆ. ಇಲ್ಲಿ ಲಸಿಕೆಗೂ ವೈರಸ್ಸಿಗೂ ಓಟದ ಪಂದ್ಯ ನಡೆಯುತ್ತಿದೆ.

ಮಗುವಿಗೆ ತಾನೇ ಉತ್ತರಿಸುವ ಕಾಲಾವಕಾಶವೂ ಇಲ್ಲದಂಥ ರೋಗವೊಂದಿದೆ. ಹೊಕ್ಕುಳಬಳ್ಳಿಯ ಗಾಯದಿಂದ ಬರುವ ಧನುರ್ವಾಯು ಮಗುವನ್ನು ಮೊದಲ ವಾರಗಳಲ್ಲಿಯೇ ಕೊಲ್ಲುತ್ತಿತ್ತು. ಇದಕ್ಕಾಗಿ ಲಸಿಕೆಯನ್ನು ಹಿಂದಕ್ಕೆ, ಗರ್ಭಿಣಿಯಾದ ತಾಯಿಗೇ ಕೊಡುತ್ತಾರೆ. ದಡಾರದಲ್ಲಿ ಅಡ್ಡಿಯಾಗಿದ್ದ ಅದೇ ತಾಯಿಯ ಬುತ್ತಿ ಇಲ್ಲಿ ಉಪಕರಣವಾಗುತ್ತದೆ. ಹೆರಿಗೆಯ ಶುಚಿತ್ವವೂ ಈ ಲಸಿಕೆಯೂ ಸೇರಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವು ಭಾರತದಿಂದ ನಿವಾರಣೆಯಾಯಿತೆಂದು 2015ರಲ್ಲಿ ಪ್ರಕಟಿಸಲು ಸಾಧ್ಯವಾಯಿತು.

ಬಳ್ಳಾರಿಯ ಪಟ್ಟಿ

ಮಾರ್ಚ್ 10ರಂದು ಚೋರನೂರಿನ ಮಗುವಿಗೆ ದೇಶದ ಎಷ್ಟೋ ಜಿಲ್ಲೆಗಳ ಮಕ್ಕಳಿಗೆ ಇಲ್ಲದ ಇನ್ನೊಂದು ಲಸಿಕೆ ಇದೆ. ಅದು ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮೆದುಳು ಜ್ವರದ ಲಸಿಕೆ. ಈ ವೈರಸ್ಸು ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ಇದ್ದು, ನಿಂತ ನೀರಿನ ಬತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳ ಮೂಲಕ ಮನುಷ್ಯನಿಗೆ ಬರುತ್ತದೆ. ಕಂಪ್ಲಿ, ಹೊಸಪೇಟೆಗಳ ಕಾಲುವೆಯ ಗದ್ದೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2006ರಲ್ಲಿ ಭಾರತವು ಈ ರೋಗದ ವಿರುದ್ಧ ಮೊದಲ ಸಾಮೂಹಿಕ ಲಸಿಕಾ ಕಾರ್ಯಕ್ರಮವನ್ನು ನಾಲ್ಕು ರಾಜ್ಯಗಳ ಹನ್ನೊಂದು ಜಿಲ್ಲೆಗಳಲ್ಲಿ ಕೈಗೊಂಡಾಗ, ಕರ್ನಾಟಕದಿಂದ ಆರಿಸಿದ್ದು ಬಳ್ಳಾರಿ ಜಿಲ್ಲೆಯನ್ನು. ಹೊಸಪೇಟೆಯೂ ಕಂಪ್ಲಿಯೂ ಆಗ ಅದರಲ್ಲಿಯೇ ಸೇರಿದ್ದುವು.

ಅಂದು ಲಸಿಕೆ ಹಾಕಿದ್ದು ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆ ಮಾತ್ರ. ದೊಡ್ಡವರನ್ನು ಏಕೆ ಬಿಟ್ಟರು? ಈ ವೈರಸ್ಸು ಹೊಕ್ಕವರಲ್ಲಿ ಸುಮಾರು 250 ಮಂದಿಗೆ ಒಬ್ಬರು ಮಾತ್ರ ತೀವ್ರವಾಗಿ ಕಾಯಿಲೆ ಬೀಳುತ್ತಾರೆ. ಉಳಿದವರಿಗೆ ಸೋಂಕು ತಿಳಿಯದೆಯೇ ಬಂದು, ರಕ್ಷೆಯನ್ನು ಉಳಿಸಿ ಹೋಗುತ್ತದೆ. ರೋಗವು ಬಹುಕಾಲದಿಂದ ಬೇರೂರಿದ ಸೀಮೆಯಲ್ಲಿ ದೊಡ್ಡವರಾಗುವ ವೇಳೆಗೆ ಹೆಚ್ಚಿನವರು ಈ ಪರೀಕ್ಷೆಯನ್ನು ದಾಟಿರುತ್ತಾರೆ. ಅರಿಯದ ದೇಹಗಳು ಉಳಿದಿರುವುದು ಮಕ್ಕಳಲ್ಲಿ. ರೋಗ ಹೊಸದಾಗಿ ಕಾಲಿಟ್ಟ ಸೀಮೆಯಲ್ಲಾದರೆ ಈ ವಾದ ನಿಲ್ಲದು. ಅಲ್ಲಿ ದೊಡ್ಡವರೂ ಮಕ್ಕಳಷ್ಟೇ ಅರಿಯದವರು. ಈಗ ಈ ಲಸಿಕೆಯನ್ನು ರೋಗವಿರುವ ಜಿಲ್ಲೆಗಳಲ್ಲಿ ಒಂಬತ್ತನೆಯ ತಿಂಗಳಿನಲ್ಲಿಯೂ 16ರಿಂದ 24ನೆಯ ತಿಂಗಳಿನಲ್ಲಿಯೂ, ದಡಾರದ ಲಸಿಕೆಯ ಜೊತೆಯಲ್ಲಿಯೇ ಕೊಡುತ್ತಾರೆ.

ಮುಪ್ಪಿನ ಲೆಕ್ಕ

ಇನ್ನು ಮನೆಯ ಅಜ್ಜಿಯ ಕಡೆಗೆ ತಿರುಗೋಣ. ಎಳೆಯ ಶಿಶುವಿನ ದೇಹ ಇನ್ನೂ ಕಲಿಯಲು ಆರಂಭಿಸಿರುವುದಿಲ್ಲ. ಮುದಿ ದೇಹವು ಹೊಸದನ್ನು ಕಲಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತಿರುತ್ತದೆ. ಎದೆಗೂಡಿನಲ್ಲಿ, ಹೃದಯದ ಮೇಲುಭಾಗದಲ್ಲಿ ಥೈಮಸ್ ಎಂಬ ಗ್ರಂಥಿಯೊಂದಿದೆ. ಹೊಸ ರೋಗಾಣುಗಳನ್ನು ಗುರುತಿಸಬಲ್ಲ ಒಂದು ಬಗೆಯ ಬಿಳಿಯ ಕಣಗಳು ಪಳಗುವುದು ಅಲ್ಲಿ. ಬಾಲ್ಯದಲ್ಲಿ ದೊಡ್ಡದಾಗಿರುವ ಈ ಗ್ರಂಥಿಯು ಯೌವನದಿಂದ ಮುಂದೆ ಕುಗ್ಗುತ್ತ ಬಂದು ಮುಪ್ಪಿನಲ್ಲಿ ಹೆಚ್ಚಾಗಿ ಕೊಬ್ಬಾಗಿ ಮಾರ್ಪಡುತ್ತದೆ. ಹಳೆಯ ನೆನಪುಗಳು ಉಳಿದರೂ ಹೊಸ ಕಣಗಳ ಪೂರೈಕೆ ಬತ್ತುತ್ತದೆ. ಆದುದರಿಂದ ಮುದುಕರಿಗೆ ಲಸಿಕೆಯ ಕಾಲವನ್ನಷ್ಟೇ ಅಲ್ಲದೆ ಅದರ ಬಲವನ್ನೂ ಬದಲಾಯಿಸಬೇಕಾಗುತ್ತದೆ. ಕೆಲವು ದೇಶಗಳಲ್ಲಿ 65 ದಾಟಿದವರಿಗೆ ಕೊಡುವ ಒಂದು ಬಗೆಯ ಇನ್‌ಫ್ಲುಯೆಂಜಾ ಲಸಿಕೆಯಲ್ಲಿ ಸಾಮಾನ್ಯ ಲಸಿಕೆಯ ನಾಲ್ಕು ಪಟ್ಟು ದ್ರವ್ಯವಿರುತ್ತದೆ. ಆ ವೈರಸ್ಸೇ ರೂಪ ಬದಲಿಸುತ್ತಿರುವುದರಿಂದ ಅದನ್ನು ವರ್ಷವರ್ಷವೂ ಹಾಕಿಸಬೇಕು.

ಸರ್ಪಸುತ್ತು ಇನ್ನೊಂದು ಬಗೆಯ ಉದಾಹರಣೆ. ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದು ಹೋದಾಗ ಅದರ ವೈರಸ್ಸು ನರಗಳ ಬುಡದಲ್ಲಿ ಅಡಗಿ ಕುಳಿತಿರುತ್ತದೆ. ದಶಕಗಳ ಕಾಲ ದೇಹದ ಕಾವಲು ಅದನ್ನು ಅಲ್ಲಿಯೇ ಒತ್ತಿ ಹಿಡಿದಿರುತ್ತದೆ. ಕಾವಲು ಸಡಿಲಿದಾಗ ಅದು ನರದ ಗುಂಟ ಹೊರಬಂದು ಸರ್ಪಸುತ್ತಾಗುತ್ತದೆ. ಇದರ ಲಸಿಕೆಯನ್ನು ಐವತ್ತು ದಾಟಿದವರಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ಬಹಳ ಮೊದಲೇ ಕೊಟ್ಟರೆ ಅಗತ್ಯವಿಲ್ಲ; ಬಹಳ ತಡಮಾಡಿದರೆ, ಕಲಿಯಬೇಕಾದ ದೇಹವೇ ದಣಿದಿರುತ್ತದೆ.

ಸರ್ಕಾರದ ಸಾರ್ವತ್ರಿಕ ಪಟ್ಟಿಯು ಹದಿನಾರನೆಯ ವರ್ಷಕ್ಕೂ ಗರ್ಭಿಣಿಯರಿಗೂ ನಿಲ್ಲುತ್ತದೆ. ಮುಪ್ಪಿನ ಲಸಿಕೆಗಳನ್ನು ವೈದ್ಯರ ಸಲಹೆಯ ಮೇರೆಗೆ ಮನೆಯವರೇ ಕೊಂಡು ಹಾಕಿಸಬೇಕು. 2021ರಲ್ಲಿ ಮಾತ್ರ ಈ ಕ್ರಮ ತಿರುವುಮುರುವಾಯಿತು. ಕೋವಿಡ್ ಲಸಿಕೆಯನ್ನು ವೈದ್ಯರು, ದಾದಿಯರು ಮೊದಲಾದವರ ಬಳಿಕ, ಮಾರ್ಚ್ 1ರಿಂದ ಸಾಮಾನ್ಯ ಜನರಿಗೆ ಕೊಡತೊಡಗಿದಾಗ ಮೊದಲ ಸರದಿ ಅರವತ್ತು ದಾಟಿದವರದಾಗಿತ್ತು. ಮಕ್ಕಳ ಸರದಿ ಬಂದದ್ದು ಕೊನೆಗೆ. ಆ ರೋಗದಿಂದ ಸಾಯುವ ಸಂಭವವು ವಯಸ್ಸಿನೊಡನೆ ಕಡಿದಾಗಿ ಏರುತ್ತಿದ್ದುದೇ ಇದಕ್ಕೆ ಕಾರಣ.

ಹೀಗೆ ಪಟ್ಟಿಯ ಒಂದೊಂದು ಸಾಲನ್ನೂ ಮೂರು ಪ್ರಶ್ನೆಗಳಿಂದ ಓದಬಹುದು. ಈ ರೋಗವು ಯಾವ ವಯಸ್ಸಿನವರನ್ನು ಮೊದಲು ಹಿಡಿಯುತ್ತದೆ? ಆ ವಯಸ್ಸಿನ ದೇಹವು ಲಸಿಕೆಗೆ ಉತ್ತರಿಸಬಲ್ಲುದೆ? ದೇಹದಲ್ಲಿ ಮೊದಲೇ ಇರುವ ಪ್ರತಿಕಾಯಗಳು ಲಸಿಕೆಯನ್ನು ಅಳಿಸಿಬಿಡುತ್ತವೆಯೆ? ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇರುವ ವಿದ್ಯಾರ್ಥಿಗಳು ತಾಯಿ ಕಾರ್ಡನ್ನು ಒಮ್ಮೆ ತೆರೆದು, ದಡಾರದ ಸಾಲಿನಲ್ಲಿ ಒಂದು ತಾರೀಖು ಇದೆಯೋ ಎರಡಿವೆಯೋ ನೋಡಲಿ. ಒಂದೇ ಇದ್ದು ಮಗುವಿಗೆ ಎರಡು ವರ್ಷ ದಾಟಿದ್ದರೂ ಕಾಲ ಮೀರಿಲ್ಲ. ಐದು ವರ್ಷದವರೆಗೂ ಆ ಲಸಿಕೆಯನ್ನು ಸರ್ಕಾರದ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆ.